ಆ್ಯಪ್ ಅಳಿಸಿದರೆ ಕೋರ್ಸ್ ರದ್ದಾಗುವುದಿಲ್ಲ

ನೀಟ್ ತಯಾರಿಗೆಂದು ನಾನು ಮೇ 28ರಂದು ಒಂದು ಆನ್‌ಲೈನ್ ಕೋರ್ಸಿಗೆ ಸೇರಿದೆ. ಎರಡು ತಿಂಗಳ ಬ್ಯಾಚಿಗೆ 2,400 ರೂಪಾಯಿ. ಅಬ್ಬಾ ತಮ್ಮ ಫೋನಿನಿಂದ ಯುಪಿಐ ಮೂಲಕ ಕಟ್ಟಿದರು. ಜೂನ್ 5ಕ್ಕೆ ತರಗತಿ ಶುರುವಾಯಿತು. ಮೂರೇ ದಿನದಲ್ಲಿ ಅದರ ಸಮಯವೂ ನಮ್ಮ ಪ್ರಾಕ್ಟಿಕಲ್ ಸಮಯವೂ ಒಂದೇ ಎಂದು ಗೊತ್ತಾಯಿತು.

ಏಳು ದಿನದೊಳಗೆ ಹಣ ವಾಪಸ್ ಎಂದು ಓದಿದ್ದ ನೆನಪು. ಜೂನ್ 8ರಂದು ಧೈರ್ಯವಾಗಿ ಬರೆದೆ. ಅವಧಿ ಜೂನ್ 4ಕ್ಕೇ ಮುಗಿದಿದೆ ಎಂಬ ಉತ್ತರ ಬಂತು. ಏಳು ದಿನವನ್ನು ಅವರು ಎಣಿಸುವುದು ಹಣ ಕಟ್ಟಿದ ದಿನದಿಂದ. ನಾನು ಎಣಿಸಿದ್ದು ತರಗತಿ ಶುರುವಾದ ದಿನದಿಂದ. ಬೇಸರದಲ್ಲಿ ಆ್ಯಪ್ ಅಳಿಸಿ ಸುಮ್ಮನಾದೆ.

ಅದು ನನ್ನ ಎರಡನೇ ತಪ್ಪು. ಆಗಸ್ಟ್ 1ರಂದು ಅಬ್ಬಾರ ಖಾತೆಯಿಂದ ಮತ್ತೆ 2,400 ಕಡಿತವಾಯಿತು. ಸೇರುವಾಗ ಯುಪಿಐ ಪಿನ್ ಒತ್ತಿ ಆಟೋಪೇಗೂ ಒಪ್ಪಿಗೆ ಕೊಟ್ಟಿದ್ದೆವು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಅದು ಬಂದೂ ಇತ್ತು, ಇಂಗ್ಲಿಷಿನಲ್ಲಿ. ಅಬ್ಬಾ ಅದನ್ನು ಜಾಹೀರಾತು ಎಂದುಕೊಂಡಿದ್ದರು.

ಈ ಸಲ ತಡಮಾಡಲಿಲ್ಲ. ಮುಂದಿನ ಬ್ಯಾಚ್ ಆಗಸ್ಟ್ 5ಕ್ಕೆ. ಅಂದರೆ ಏಳು ದಿನವೂ ಮುಗಿದಿಲ್ಲ, ತರಗತಿಯೂ ಶುರುವಾಗಿಲ್ಲ. ಮರುದಿನವೇ ಆರ್ಡರ್ ಸಂಖ್ಯೆ, ಹಣ ಹೋದ ದಿನಾಂಕ, ಅವರದೇ ನಿಯಮದ ಸ್ಕ್ರೀನ್‌ಶಾಟ್ ಸೇರಿಸಿ ಇಮೇಲ್ ಕಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಂಡೆ. ಆಮೇಲೆ ಯುಪಿಐ ಆ್ಯಪ್‌ನಲ್ಲಿ ಆಟೋಪೇ ತೆರೆದು ಆ ಒಪ್ಪಿಗೆಯನ್ನೂ ರದ್ದು ಮಾಡಿಸಿದೆ. ಇವೆರಡೂ ಬೇರೆ ಬೇರೆ ಕೆಲಸ. ಆಟೋಪೇ ನಿಲ್ಲಿಸಿದರೆ ಮುಂದಿನ ಕಡಿತ ನಿಲ್ಲುತ್ತದೆ, ಹೋದ ಹಣ ಬರುವುದಿಲ್ಲ. ಹೋದ ಹಣಕ್ಕೆ ಕಂಪನಿಗೇ ಬರೆಯಬೇಕು. ಹತ್ತು ದಿನದಲ್ಲಿ ಎರಡನೇ 2,400 ಮರಳಿತು. ಮೊದಲನೆಯದು ಹೋದದ್ದು ಹೋಯಿತು.

ತಪ್ಪು ನನ್ನದು, ಒಪ್ಪುತ್ತೇನೆ. ಆದರೂ ಮೊದಲ ಪಾಠ ಕೇಳುವ ಮುನ್ನವೇ ಮುಗಿಯುವ ಅವಧಿ ಯಾವ ನ್ಯಾಯ? ಬಟ್ಟೆ ಅಂಗಡಿಯಲ್ಲೂ ಬಿಚ್ಚಿ ನೋಡಲು ಬಿಡುತ್ತಾರೆ. ಏಳು ದಿನವನ್ನು ಮೊದಲ ತರಗತಿಯಿಂದಲೇ ಎಣಿಸಬೇಕು ಎಂಬುದು ನನ್ನ ವಾದ. ಚಂದಾ ರದ್ದು ಮಾಡುವುದನ್ನು ಬೇಕೆಂದೇ ಕಷ್ಟವಾಗಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಕಂಪನಿ ಉತ್ತರಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆಗ ಕೈಯಲ್ಲಿ ಆ ಇಮೇಲ್ ಇರಬೇಕು.

ಈಗ ನನ್ನ ರಫ್ ನೋಟಿನ ಹಿಂಬದಿಯಲ್ಲಿ ಮೂರು ದಿನಾಂಕಗಳಿವೆ: ಹಣ ಕಟ್ಟಿದ ದಿನ, ವಾಪಸಾತಿಯ ಕೊನೆಯ ದಿನ, ಮುಂದಿನ ಕಡಿತದ ದಿನ. ಕೋರ್ಸಿಗೆ ಸೇರುವವರು ಪಾಸ್‌ವರ್ಡ್‌ಗಿಂತ ಮೊದಲು ಇವನ್ನು ಬರೆದುಕೊಳ್ಳಿ. ಅಪ್ಪನ ಫೋನಿಗೆ ಬರುವ ಸಂದೇಶವನ್ನೂ ನೀವೇ ಓದಿ ಹೇಳಿ.