ಹಣೆಪಟ್ಟಿ ನೋಡಿ ಫಂಡ್ ಕೊಳ್ಳಬೇಡಿ, ಒಳಗಿನ ಪಟ್ಟಿ ತೆಗೆದು ನೋಡಿ

ಮೂರು ನೈಟ್ ಡ್ಯೂಟಿ ಮುಗಿಸಿ ಇವತ್ತು ರಜ. ಮೊನ್ನೆ ಹಾಸನದಿಂದ ತಮ್ಮ ಫೋನ್ ಮಾಡಿದ್ದ. "ಅಕ್ಕ, ನನ್ನ ಹತ್ರ ನಿಫ್ಟಿ 50 ಫಂಡ್ ಇದೆ. ಈಗ ನಿಫ್ಟಿ ಆಯಿಲ್ ಅಂಡ್ ಗ್ಯಾಸ್ ಫಂಡ್ ಒಂದು ತಗೋತೀನಿ. ಎರಡೂ ಬೇರೆ ಬೇರೆ ಅಲ್ವಾ, ದುಡ್ಡು ಹಂಚಿದ ಹಾಗಾಗುತ್ತೆ" ಅಂದ. ನಾನು ಮಾಡಿದ ತಪ್ಪನ್ನೇ ಅವನೂ ಮಾಡೋಕೆ ಹೊರಟಿದ್ದಾನೆ ಅನ್ನಿಸಿತು. ಅದಕ್ಕೇ ಈ ಪೋಸ್ಟ್.

ಮೊದಲು ನನ್ನ ಕಥೆ. ಇಲ್ಲಿ ಅಮೆರಿಕದಲ್ಲಿ ನನ್ನ ನಿವೃತ್ತಿ ಖಾತೆಯ ದುಡ್ಡು ಎಸ್ ಅಂಡ್ ಪಿ 500 ಫಂಡ್‌ನಲ್ಲಿದೆ. 2022ರಲ್ಲಿ ಅದರ ಜೊತೆಗೆ ಒಂದು ಟೆಕ್ನಾಲಜಿ ಫಂಡ್ ತಗೊಂಡೆ. ಗೂಗಲ್, ಅಮೆಜಾನ್, ಫೇಸ್‌ಬುಕ್ ಎಲ್ಲ ಅದರಲ್ಲಿರುತ್ತೆ ಅಂತ ನನ್ನ ಲೆಕ್ಕ. ಟೆಕ್ನಾಲಜಿ ಅಂದ್ರೆ ಅವೇ ತಾನೆ? ಎಷ್ಟೋ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಫಂಡ್‌ನ ಪೂರ್ತಿ ಪಟ್ಟಿ ಡೌನ್‌ಲೋಡ್ ಮಾಡಿ GOOGL ಅಂತ ಹುಡುಕಿದೆ. ಇಲ್ಲ. AMZN ಇಲ್ಲ. META ಇಲ್ಲ. ಇದ್ದದ್ದು ಆಪಲ್, ಮೈಕ್ರೋಸಾಫ್ಟ್, ಎರಡೇ ಸೇರಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು. ನನ್ನ ಎಸ್ ಅಂಡ್ ಪಿ 500 ಫಂಡ್‌ನಲ್ಲೂ ಮೇಲಿನ ಎರಡು ಹೆಸರು ಅವೇ! ಹಂಚಿದೆ ಅಂದುಕೊಂಡ ದುಡ್ಡನ್ನು ಅದೇ ಎರಡು ಕಂಪನಿಗೆ ಮತ್ತೆ ಸುರಿದಿದ್ದೆ.

ಯಾಕೆ ಹೀಗೆ? ನಮ್ಮ ವಾರ್ಡ್ ಲೆಕ್ಕದಲ್ಲೇ ಹೇಳ್ತೀನಿ. ಕಾಲು ಮುರಿದುಕೊಂಡು ಬಂದ ಅಜ್ಜನಿಗೆ ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ. ಆದರೆ ಮಲಗಿಸೋದು ಮೂಳೆ ವಾರ್ಡ್‌ನಲ್ಲೇ. ಒಬ್ಬರಿಗೆ ಒಂದೇ ಹಾಸಿಗೆ. ಸೆಕ್ಟರ್ ಹಣೆಪಟ್ಟಿಯೂ ಹಾಗೇ. ಎಸ್ ಅಂಡ್ ಪಿ ಮತ್ತು ಎಂಎಸ್‌ಸಿಐ ಅನ್ನೋ ಎರಡು ಇಂಡೆಕ್ಸ್ ಸಂಸ್ಥೆಗಳು ಸೇರಿ 1999ರಲ್ಲಿ GICS ಅನ್ನೋ ವರ್ಗೀಕರಣ ಮಾಡಿದವು. ಅದರಲ್ಲಿ ಒಟ್ಟು 11 ಸೆಕ್ಟರ್. ಒಂದು ಕಂಪನಿ ಎಷ್ಟೇ ವ್ಯಾಪಾರ ಮಾಡಲಿ, ಸಿಗೋದು ಒಂದೇ ಜಾಗ. ಮುಖ್ಯವಾಗಿ ನೋಡೋದು ಆದಾಯ ಎಲ್ಲಿಂದ ಬರುತ್ತೆ ಅಂತ. ಅದರ ಜೊತೆ ಲಾಭವನ್ನೂ, ಮಾರುಕಟ್ಟೆ ಆ ಕಂಪನಿಯನ್ನು ಹೇಗೆ ಕಾಣುತ್ತೆ ಅನ್ನೋದನ್ನೂ ತೂಗುತ್ತಾರೆ.

ಅಮೆಜಾನ್ ನೋಡಿ. 2023ರಲ್ಲಿ ಅದರ ಒಟ್ಟು ಆದಾಯ ಸುಮಾರು 575 ಬಿಲಿಯನ್ ಡಾಲರ್. ಅದರಲ್ಲಿ ಬೇರೆ ಕಂಪನಿಗಳಿಗೆ ಕಂಪ್ಯೂಟರ್ ಸೇವೆ ಬಾಡಿಗೆಗೆ ಕೊಡೋ ಎಡಬ್ಲ್ಯುಎಸ್ ವಿಭಾಗದ್ದು 91 ಬಿಲಿಯನ್ ಮಾತ್ರ, ಅಂದ್ರೆ ಆರನೇ ಒಂದು ಭಾಗ. ಆದರೆ ಆ ವರ್ಷದ ಕಾರ್ಯಾಚರಣೆ ಲಾಭ 37 ಬಿಲಿಯನ್‌ನಲ್ಲಿ ಎಡಬ್ಲ್ಯುಎಸ್ ಒಂದೇ ತಂದದ್ದು 25ರ ಹತ್ತಿರ! ಆದರೂ ಆದಾಯದ ಬಹುಭಾಗ ಬರೋದು ಸಾಮಾನು ಮಾರೋದರಿಂದ. ಹಾಗಾಗಿ ಅಮೆಜಾನ್ ಇರೋದು ಕನ್ಸ್ಯೂಮರ್ ಡಿಸ್ಕ್ರೀಷನರಿ ಅನ್ನೋ ಸೆಕ್ಟರ್‌ನಲ್ಲಿ, ಕಾರು, ಹೋಟೆಲ್, ಬಟ್ಟೆ ಕಂಪನಿಗಳ ಸಾಲಿನಲ್ಲಿ. ಲಾಭ ನೋಡಿ ಟೆಕ್ನಾಲಜಿ ಅನ್ನೋರೂ ಸುಳ್ಳು ಹೇಳ್ತಿಲ್ಲ, ಆದಾಯ ನೋಡಿ ಅಂಗಡಿ ಅನ್ನೋರೂ ಸುಳ್ಳು ಹೇಳ್ತಿಲ್ಲ. ಹಾಸಿಗೆ ಮಾತ್ರ ಒಂದೇ.

ಇನ್ನೊಂದು ವಿಷಯ, ಈ ಹಾಸಿಗೆ ಕಾಯಂ ಅಲ್ಲ. ಗೂಗಲ್‌ನ ಮಾತೃ ಕಂಪನಿ ಆಲ್ಫಾಬೆಟ್ ಮತ್ತು ಫೇಸ್‌ಬುಕ್ 2018ರ ಸೆಪ್ಟೆಂಬರ್‌ವರೆಗೂ ಐಟಿ ಸೆಕ್ಟರ್‌ನಲ್ಲೇ ಇದ್ದವು. ಆಮೇಲೆ ಹಳೇ ಟೆಲಿಕಾಂ ಸೆಕ್ಟರ್ ದೊಡ್ಡದು ಮಾಡಿ, ಕಮ್ಯುನಿಕೇಷನ್ ಸರ್ವಿಸಸ್ ಅಂತ ಹೆಸರಿಟ್ಟು ಅಲ್ಲಿಗೆ ಕಳಿಸಿದರು. 2023ರ ಮಾರ್ಚ್ 17ರಂದು ಮಾರುಕಟ್ಟೆ ಮುಚ್ಚಿದ ಮೇಲೆ ವೀಸಾ, ಮಾಸ್ಟರ್‌ಕಾರ್ಡ್ ಐಟಿಯಿಂದ ಫೈನಾನ್ಷಿಯಲ್ಸ್‌ಗೆ ಹೋದವು. ಹಿಂದಿನ ದಿನಕ್ಕೂ ಮರುದಿನಕ್ಕೂ ವೀಸಾ ಕಾರ್ಡ್ ಉಜ್ಜೋದರಲ್ಲಿ ಏನಾದರೂ ವ್ಯತ್ಯಾಸ ಆಯ್ತಾ? ಇಲ್ಲ. ಆದರೆ ನನ್ನ ಟೆಕ್ನಾಲಜಿ ಫಂಡ್ ನಿಯಮದ ಪ್ರಕಾರ ಅವೆರಡನ್ನೂ ಹೊರಗೆ ಹಾಕಿತು. ಎಸ್ ಅಂಡ್ ಪಿ 500 ಫಂಡ್‌ನಲ್ಲಿ ಅವು ಹಾಗೇ ಉಳಿದವು. ಇಂಡೆಕ್ಸ್‌ನಲ್ಲಿ ಇರೋದು ಬೇರೆ, ಸೆಕ್ಟರ್ ಹಣೆಪಟ್ಟಿ ಬೇರೆ ಅಂತ ನನಗೆ ಅರ್ಥವಾಗಿದ್ದು ಆವಾಗಲೇ.

ಈಗ ತಮ್ಮನ ಪ್ರಶ್ನೆಗೆ ಬರ್ತೀನಿ. ಫೋನಲ್ಲೇ ಅವನ ಕೈಲಿ niftyindices.com ತೆಗೆಸಿದೆ. ಅಲ್ಲಿ ಪ್ರತಿ ಇಂಡೆಕ್ಸ್‌ಗೂ ಕಂಪನಿಗಳ ಪೂರ್ತಿ ಪಟ್ಟಿ ಸಿಗುತ್ತೆ, ಎಕ್ಸೆಲ್‌ನಲ್ಲಿ ತೆರೆಯೋ ಫೈಲ್. ಕಂಪನಿ ಹೆಸರು, ಇಂಡಸ್ಟ್ರಿ, ಸಿಂಬಲ್ ಎಲ್ಲ ಅದರಲ್ಲಿದೆ. ನಿಫ್ಟಿ 50 ಪಟ್ಟಿ ಒಂದು, ಆಯಿಲ್ ಅಂಡ್ ಗ್ಯಾಸ್ ಪಟ್ಟಿ ಒಂದು ತೆಗೆದು RELIANCE ಅಂತ ಹುಡುಕು ಅಂದೆ. ಎರಡರಲ್ಲೂ ಸಿಕ್ಕಿತು. ONGC ಹುಡುಕಿದ, ಅದೂ ಎರಡರಲ್ಲೂ ಇತ್ತು. "ಅಯ್ಯೋ, ಇದು ಅದೇ ಅಲ್ವೇನಕ್ಕ" ಅಂದ.

ರಿಲಯನ್ಸ್ ಮುಂದೆ ಇಂಡಸ್ಟ್ರಿ ಅಂತ ಬರೆದಿರೋದು ತೈಲ ಮತ್ತು ಅನಿಲ. ನಿಜ, ಜಾಮ್‌ನಗರದ ರಿಫೈನರಿ ಅದರದ್ದೇ. ಆದರೆ ಜಿಯೋ ಮೊಬೈಲ್, ಊರಿನ ರಿಲಯನ್ಸ್ ಅಂಗಡಿ, ಎಲ್ಲವೂ ಅದೇ ಹಾಸಿಗೆಯಲ್ಲೇ ಮಲಗಿವೆ. ಬರೀ ಪೆಟ್ರೋಲ್ ಅಂದುಕೊಂಡು ತಗೊಂಡರೆ ಸಿಮ್ ಕಾರ್ಡೂ ದಿನಸಿಯೂ ಜೊತೆಗೆ ಬರುತ್ತೆ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ವರ್ಗೀಕರಣ ಮಾಡೋರದ್ದು ತಪ್ಪಿಲ್ಲ, ಅವರ ನಿಯಮ ಎಲ್ಲರಿಗೂ ಓದೋಕೆ ಸಿಗುತ್ತೆ. ತಪ್ಪು ಇರೋದು ಆ ಹಣೆಪಟ್ಟಿಯನ್ನೇ ಫಂಡ್‌ನ ಹೆಸರು ಮಾಡಿ ಮಾರೋದರಲ್ಲಿ, ನಾವು ಒಳಗೆ ನೋಡದೇ ಕೊಳ್ಳೋದರಲ್ಲಿ. ಟೆಕ್ನಾಲಜಿ ಫಂಡ್ ಅಂತ ದೊಡ್ಡಕ್ಷರದಲ್ಲಿ ಬರೆಯೋರು "ಇದರಲ್ಲಿ ಗೂಗಲ್, ಅಮೆಜಾನ್ ಇಲ್ಲ" ಅಂತ ಕೆಳಗೊಂದು ಸಾಲು ಹಾಕಬೇಕು ಅನ್ನೋದು ನನ್ನ ವಾದ. ಔಷಧಿ ಡಬ್ಬದ ಮೇಲೆ ಒಳಗೇನಿದೆ ಅಂತ ಬರೆಯಲ್ವಾ?

ಅವರು ಬರೆಯೋವರೆಗೂ ನಾವೇ ನೋಡಬೇಕು. ಫಂಡ್‌ನ ದಾಖಲೆಯಲ್ಲಿ ಅದು ಅನುಸರಿಸೋ ಇಂಡೆಕ್ಸ್‌ನ ಪೂರ್ತಿ ಹೆಸರು ಹುಡುಕಿ. ಫ್ಯಾಕ್ಟ್‌ಶೀಟ್‌ನಲ್ಲಿ ಸಾಮಾನ್ಯವಾಗಿ ಮೊದಲ ಹತ್ತು ಕಂಪನಿ ಮಾತ್ರ ಇರುತ್ತೆ, ಅದು ಸಾಲದು, ಪೂರ್ತಿ ಪಟ್ಟಿ ತೆಗೆಯಿರಿ. ಹೆಸರಿನ ಬದಲು ಸಿಂಬಲ್ ಹಾಕಿ ಹುಡುಕಿ, ಯಾಕಂದ್ರೆ ಗೂಗಲ್ ಅಂತ ಹುಡುಕಿದರೆ ಸಿಗೋಲ್ಲ, ಅದು ಆಲ್ಫಾಬೆಟ್ ಅಂತಿರುತ್ತೆ. ಪಟ್ಟಿಯ ತಾರೀಖೂ ನೋಡಿ. ನಿಫ್ಟಿ 50ರಲ್ಲಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ ಬದಲಾವಣೆ ಆಗುತ್ತೆ. ಮೊಬೈಲ್ ಆ್ಯಪ್ ತೋರಿಸೋ ಸೆಕ್ಟರ್ ಹೆಸರನ್ನೇ ನಂಬಬೇಡಿ. ಅಮೆಜಾನ್ ಮುಂದೆ Consumer Cyclical ಅಂತ ಕಂಡರೆ ಅದು GICS ಅಲ್ಲ, ಬೇರೆಯವರ ವರ್ಗೀಕರಣ. ನಿಮ್ಮ ಫಂಡ್ ಆ ಆ್ಯಪ್‌ನ ಮಾತು ಕೇಳಿ ಕಂಪನಿ ಆರಿಸೋಲ್ಲ.

ತಮ್ಮ ಸದ್ಯಕ್ಕೆ ಆಯಿಲ್ ಫಂಡ್ ಕೈಬಿಟ್ಟಿದ್ದಾನೆ. ನಾನು ನನ್ನ ಟೆಕ್ನಾಲಜಿ ಫಂಡ್‌ಗೆ ಹೊಸದಾಗಿ ದುಡ್ಡು ಹಾಕೋದು ನಿಲ್ಲಿಸಿದ್ದೀನಿ. ನಿಮ್ಮ ಹತ್ರ ಎರಡು ಫಂಡ್ ಇದ್ದರೆ ಈ ಭಾನುವಾರ ಎರಡರ ಪಟ್ಟಿ ಪಕ್ಕ ಪಕ್ಕ ಇಟ್ಟು ನೋಡಿ, ಎಷ್ಟು ಹೆಸರು ಎರಡರಲ್ಲೂ ಇದೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಅಮ್ಮ, ನೀವು ಓದ್ತಾ ಇದ್ರೆ, ಹೂಂ, ಊಟ ಆಯ್ತು.