ಕೊಡು, ಕೋಡು ಮತ್ತು 45 ಸೆಕೆಂಡು

ಹೋದ ಭಾನುವಾರ ಗೋರೆಗಾಂವ್ ಪೂರ್ವದ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು ನೋಟ್‌ಬುಕ್ ತೆರೆದು ಮುಂದಿಟ್ಟಳು. "ಮಾವ, ಮುಂಬೈ ಕನ್ನಡದವರಿಗೆ ಸಣ್ಣ ಸಣ್ಣ ವಿಡಿಯೊ ಮಾಡಬೇಕು ಅಂತಿದ್ದೇನೆ. ಮೂರು ವಿಷಯ ಇವೆ. ಯಾವುದರಿಂದ ಶುರು ಮಾಡಲಿ?" ನಾನು ಉತ್ತರ ಹೇಳಲಿಲ್ಲ. ಮೂರನ್ನೂ ಇಬ್ಬರೂ ಕೂತು ತೂಗಿ ನೋಡಿದೆವು.

ಮೊದಲನೆಯದು ಫಿಲ್ಮಿಸ್ತಾನ್ ಸ್ಟುಡಿಯೊ. ಬಾಂಬೆ ಟಾಕೀಸ್ ಬಿಟ್ಟು ಬಂದ ಶಶಧರ್ ಮುಖರ್ಜಿ, ಅಶೋಕ್ ಕುಮಾರ್ ಮುಂತಾದವರು 1943ರಲ್ಲಿ ಇದೇ ಗೋರೆಗಾಂವ್‌ನಲ್ಲಿ ಕಟ್ಟಿದ್ದು. ಈ ಬಗ್ಗೆ ಕನ್ನಡದಲ್ಲಿ ಅವಳಿಗೆ ಒಂದೂ ವಿಡಿಯೊ ಸಿಕ್ಕಿರಲಿಲ್ಲ, ಆ ಖುಷಿ ಮುಖದಲ್ಲಿತ್ತು. ಆದರೆ ಜಾಗ ಖಾಲಿ ಇರುವುದಕ್ಕೆ ಎರಡು ಕಾರಣ ಇರಬಹುದು: ಯಾರಿಗೂ ಹೊಳೆದಿಲ್ಲ, ಇಲ್ಲವೇ ಯಾರೂ ಕೇಳಿಲ್ಲ. ಯಾವುದೆಂದು ತಿಳಿಯಲು ಹುಡುಕುವ ಪಟ್ಟಿಯಲ್ಲಿ ಎರಡು ಪದ ಟೈಪ್ ಮಾಡಿ ನಿಲ್ಲಬೇಕು. ಜನ ಕೇಳುತ್ತಿರುವ ವಿಷಯವಾದರೆ ಉಳಿದ ಪದಗಳು ತಾವಾಗಿಯೇ ಕೆಳಗೆ ಬರುತ್ತವೆ. ಇಲ್ಲಿ ಕನ್ನಡದಲ್ಲಿ ಏನೂ ಬರಲಿಲ್ಲ. ಮೇಲಾಗಿ ಒಳಗೆ ಚಿತ್ರೀಕರಿಸಲು ಅನುಮತಿ ಬೇಕು, ಹಳೆಯ ಫೋಟೊಗಳ ಹಕ್ಕು ಯಾರದೆಂದು ವಿಚಾರಿಸಬೇಕು. ಲೆಕ್ಕ ಹಾಕಿದಾಗ ನಾಲ್ಕು ಭಾನುವಾರದ ಕೆಲಸ. ಅದನ್ನು ಬದಿಗಿಟ್ಟೆವು.

ಎರಡನೆಯದು ಊರಿಗೆ ಹೋಗುವ ರೈಲಿನ ಟಿಕೆಟ್. ಇದರ ಅಗತ್ಯವನ್ನು ಯಾರೂ ಹೇಳಿಕೊಡಬೇಕಿಲ್ಲ. ಮೇ ರಜೆ, ಚೌತಿ ಬಂತೆಂದರೆ ಮತ್ಸ್ಯಗಂಧದ ಸೀಟಿಗಾಗಿ ಮನೆಮನೆಯಲ್ಲೂ ಪರದಾಟ. ತೊಡಕು ಬೇರೆ ಕಡೆ ಇತ್ತು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿಯಿತು. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕಾಯಿತು. ಅದಕ್ಕೆ ಮೊದಲು ಮಾಡಿದ ವಿಡಿಯೊಗಳು ಒಂದೇ ದಿನದಲ್ಲಿ ತಪ್ಪು ಹೇಳತೊಡಗಿದವು, ಈಗಲೂ ಹೇಳುತ್ತಿವೆ. ಶ್ರಮ ಎಂದರೆ ಚಿತ್ರೀಕರಣದ ಹೊತ್ತು ಮಾತ್ರ ಅಲ್ಲ, ಆಮೇಲೆ ಅದನ್ನು ಸರಿಯಾಗಿ ಇಟ್ಟುಕೊಳ್ಳುವ ಹೊತ್ತೂ ಸೇರಿದ್ದು. ಬಹಳ ಜನ ಮರೆಯುವ ಖರ್ಚು ಇದೇ ಎಂದು ನನ್ನ ಎಣಿಕೆ. ಇದನ್ನೂ ಬದಿಗಿಟ್ಟೆವು.

ಮೂರನೆಯದನ್ನು ಅವಳು ಸಂಕೋಚದಿಂದಲೇ ಬರೆದಿದ್ದಳು: ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಬಾರದ ಮಕ್ಕಳಿಗೆ ಅಕ್ಷರ. ನಾನು ನೆಟ್ಟಗೆ ಕೂತೆ. ಈ ಮಕ್ಕಳಿಗೆ ಶಾಲೆಯಲ್ಲಿ ಮರಾಠಿ, ಹಿಂದಿ ಇರುವುದರಿಂದ ದೇವನಾಗರಿ ಚೆನ್ನಾಗಿ ಗೊತ್ತು. ಕನ್ನಡ, ದೇವನಾಗರಿ ಎರಡೂ ಲಿಪಿ ಬ್ರಾಹ್ಮಿಯ ಮಕ್ಕಳು, ಕ-ಖ-ಗ-ಘ ಕ್ರಮವೂ ಒಂದೇ, ಮರಾಠಿಯಲ್ಲಿ ಳ ಕೂಡ ಇದೆ. ಕನ್ನಡ ಕಲಿಕೆ ಎಂದು ಹುಡುಕಿದಾಗ ಬಂದ ಮೊದಲ ಹತ್ತು ವಿಡಿಯೊ ಅವಳು ನೋಡಿ, ಪ್ರತಿಯೊಂದೂ ಏನನ್ನು ಮಾಡಿಲ್ಲ ಎಂದು ಒಂದೊಂದು ಸಾಲು ಬರೆದಳು. ಹೆಚ್ಚಿನವು ಹೊರಗಿನಿಂದ ಬೆಂಗಳೂರಿಗೆ ಬಂದವರಿಗೆ ಮಾತು ಕಲಿಸುವವು, ಉಳಿದವು ಅ-ಅರಸದಿಂದ ಶುರುಮಾಡುವ ಶಿಶುಪಾಠ. ಮಾತು ಗೊತ್ತಿದ್ದು ಲಿಪಿ ಗೊತ್ತಿಲ್ಲದ ಹತ್ತು ವರ್ಷದ ಮಗುವನ್ನು ಎದುರಿಗಿಟ್ಟುಕೊಂಡದ್ದು ಅವುಗಳಲ್ಲಿ ಒಂದೂ ಇರಲಿಲ್ಲ.

"ಇದು ನಿಜವಾಗಿ ಬೇಕಾ ಅಂತ ಹೇಗೆ ತಿಳಿಯೋದು ಮಾವ? ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ." ಅವಳ ಮಾತು ಸರಿ. ಆದ್ದರಿಂದ ಇಷ್ಟವಾ ಎಂದು ಕೇಳಬಾರದು, ಹಿಂದೆ ಏನು ಮಾಡಿದಿರಿ ಎಂದು ಕೇಳಬೇಕು. ಕಟ್ಟಡದ ನಾಲ್ಕು ತಾಯಂದಿರನ್ನು ಅವಳು ಹಾಗೇ ಕೇಳಿದಳು. ಇಬ್ಬರು ಊರಿನಿಂದ ಅಂಕಲಿಪಿ ತರಿಸಿ ಅರ್ಧಕ್ಕೆ ಬಿಟ್ಟಿದ್ದರು. ಒಬ್ಬರು ಅಜ್ಜಿಯ ವಾಟ್ಸ್ಆ್ಯಪ್ ಸಂದೇಶವನ್ನು ಮಗನಿಗೆ ತಾವೇ ಓದಿ ಹೇಳುತ್ತಾರೆ. ನಾಲ್ಕನೆಯವರಿಗೆ ಅದರ ಚಿಂತೆಯೇ ಇಲ್ಲ. ನಾಲ್ವರಲ್ಲಿ ಮೂವರು ಆಗಲೇ ಏನಾದರೊಂದು ಪ್ರಯತ್ನ ಮಾಡಿದ್ದಾರೆಂದರೆ ಮುಂದುವರಿಯಬಹುದು.

ಒಂದೇ ವಿಡಿಯೊದಲ್ಲಿ ಇಡೀ ವರ್ಣಮಾಲೆ ಎಂದು ಅವಳು ಹೊರಟಾಗ ತಡೆದೆ. ಮಕ್ಕಳು ಎಲ್ಲಿ ಎಡವುತ್ತಾರೋ ಅದಷ್ಟೇ ಸಾಕು. ಹಿಂದಿ, ಮರಾಠಿಯ ದೇವನಾಗರಿಯಲ್ಲಿ ಎ-ಏ, ಒ-ಓ ಎಂದು ಹ್ರಸ್ವಕ್ಕೂ ದೀರ್ಘಕ್ಕೂ ಬೇರೆ ಬೇರೆ ಅಕ್ಷರ ಇಲ್ಲ. 'ಕೊಡು', 'ಕೋಡು' ಎರಡನ್ನೂ ಮಗು ಒಂದೇ ತರಹ ಬರೆಯುತ್ತದೆ. ಕೊಡುವುದಕ್ಕೂ ದನದ ತಲೆಯ ಮೇಲಿನ ಕೋಡಿಗೂ ಇರುವ ವ್ಯತ್ಯಾಸ ಕಿವಿಗೆ ಗೊತ್ತು, ಕೈಗೆ ಗೊತ್ತಿಲ್ಲ. 45 ಸೆಕೆಂಡಿಗೆ ಇಷ್ಟು ಸಾಕು. ಬೇಕಾದ್ದು ಒಂದು ಹಾಳೆ, ಮಾರ್ಕರ್, ಮೇಲಿನಿಂದ ನೋಡುವ ಫೋನು, ಸುಮಾರು 70 ಪದದ ಮಾತು. ಮೊದಲನೆಯದಕ್ಕೆ ಅರ್ಧ ದಿನ ಹಿಡಿಯಬಹುದು, ಮುಂದಿನವು ಒಂದೆರಡು ಗಂಟೆಯಲ್ಲಿ ಮುಗಿಯುತ್ತವೆ. ಅಕ್ಷರ ರೈಲ್ವೆ ನಿಯಮದಂತೆ ಬದಲಾಗುವುದೂ ಇಲ್ಲ.

ಫೋನು ಎತ್ತುವ ಮೊದಲು ಹಾಳೆಯಲ್ಲೇ ಪರೀಕ್ಷೆ ಮಾಡಿದೆವು. ಕಟ್ಟಡದ ಮೂವರು ಮಕ್ಕಳನ್ನು ಕರೆದು, ಅವಳು ವಿಡಿಯೊದಲ್ಲಿ ಹೇಳಬೇಕೆಂದಿದ್ದನ್ನು ಎದುರಿಗೇ ಬರೆದು ಹೇಳಿದಳು. ಆಮೇಲೆ ಅವರು ನೋಡದ ಜೋಡಿ ಕೊಟ್ಟಳು: 'ಬೆರೆ', 'ಬೇರೆ'. ಕೊಟ್ಟ ಪದವನ್ನೇ ಒಪ್ಪಿಸಿದರೆ ಅದು ನೆನಪು, ಹೊಸ ಪದ ಓದಿದರೆ ಮಾತ್ರ ಕಲಿಕೆ. ಇಬ್ಬರು ಸರಿಯಾಗಿ ಓದಿದರು. ಮೂರನೆಯ ಹುಡುಗ ಎರಡನ್ನೂ ಎಳೆದೇ ಓದಿದ. ದೀರ್ಘದ ಗುರುತು ಅಕ್ಷರದ ಬಲಕ್ಕೆ ಇರುತ್ತದೆಂದು ಅವಳು ಬಾಯಲ್ಲಿ ಹೇಳಿದ್ದಳೇ ಹೊರತು ಬೆರಳಿಟ್ಟು ತೋರಿಸಿರಲಿಲ್ಲ. ಆ ಸಾಲನ್ನು ತೆಗೆದು ಬೆರಳನ್ನು ಸೇರಿಸಿದಳು.

ಹೊರಡುವಾಗ ಅದೇ ಹುಡುಗ ಮೇಜಿನ ಮೇಲಿದ್ದ ರಟ್ಟಿನಲ್ಲಿ 'ಪುಸ್ತಕ' ಎಂದಿದ್ದುದನ್ನು 'ಪುಸಕ' ಎಂದು ಓದಿದ. ದೇವನಾಗರಿಯಲ್ಲಿ ಮೊದಲ ವ್ಯಂಜನ ಅರ್ಧವಾಗುತ್ತದೆ, ನಮ್ಮಲ್ಲಿ ಎರಡನೆಯದು ಕೆಳಗಿಳಿಯುತ್ತದೆ; ಅವನ ಕಣ್ಣು ಕೆಳಗೆ ಹೋಗಲೇ ಇಲ್ಲ. ತಂಗಿಯ ಮಗಳು ನೋಟ್‌ಬುಕ್ಕಿನ ಹೊಸ ಪುಟದಲ್ಲಿ 'ಒತ್ತಕ್ಷರ' ಎಂದು ಬರೆದುಕೊಂಡಳು.