ಫಲಿತಾಂಶದ ಟೇಬಲ್ ಕಾಣದವರಿಗೆ ಎಷ್ಟು ಸಿಗುತ್ತೆ?

ಚುನಾವಣೆ ಫಲಿತಾಂಶ ಬಂದ ದಿನ ಪಕ್ಷಗಳು, ಸುದ್ದಿಪುಟಗಳು ಎಲ್ಲವೂ ಒಂದು ಟೇಬಲ್ ಮಾಡಿ ಚಿತ್ರವಾಗಿ ಹಾಕುತ್ತವೆ. ಅಂಧ ಓದುಗರ ಫೋನಿನಲ್ಲಿರುವ ಸ್ಕ್ರೀನ್ ರೀಡರ್‌ಗೆ ಅದು ಬರೀ ಒಂದು ಚಿತ್ರ. ಜೊತೆಗೆ ಬರೆದಿಟ್ಟ ವಿವರಣೆ ಎಷ್ಟಿದೆಯೋ ಹೆಚ್ಚಾಗಿ ಅಷ್ಟೇ ಅವರ ಕಿವಿಗೆ ಬೀಳುತ್ತೆ. ಸಾಮಾನ್ಯವಾಗಿ ಅಲ್ಲಿರೋದು ಒಂದೇ ಸಾಲು: '2023ರಲ್ಲಿ ಕಾಂಗ್ರೆಸ್‌ಗೆ 135 ಸ್ಥಾನ, ಬಹುಮತ.'

ಇದು ಸುಳ್ಳಲ್ಲ. ಆದರೆ ಟೇಬಲ್ ನೋಡಿದವರಿಗೆ ಇನ್ನೊಂದು ವಿಷಯವೂ ಕಾಣುತ್ತೆ: ಬಿಜೆಪಿಯ ಮತ 2018ರಲ್ಲೂ 2023ರಲ್ಲೂ ಸುಮಾರು ಶೇ. 36. ಸ್ಥಾನ ಮಾತ್ರ 104ರಿಂದ 66ಕ್ಕೆ ಇಳಿಯಿತು. ಜೆಡಿಎಸ್ ಮತ ಶೇ. 18ರಿಂದ 13ಕ್ಕೆ ಕುಸಿಯಿತು, ಕಾಂಗ್ರೆಸ್‌ದು 38ರಿಂದ 43ಕ್ಕೆ ಏರಿತು. ಈ ಫಲಿತಾಂಶದ ಬಗ್ಗೆ ವಾದ ಮಾಡೋಕೆ ಬೇಕಾದದ್ದು ಇದೇ. ಒಂದು ಸಾಲಿನ ವಿವರಣೆ ಕೇಳಿದವರು ಈ ವಾದದಿಂದಲೇ ಹೊರಗೆ.

ಹಾಗಾದರೆ ಬರೆಯೋದು ಹೇಗೆ? ಚಿತ್ರಕ್ಕೆ ಅಂಟಿಸುವ ಆಲ್ಟ್ ಪಠ್ಯದಲ್ಲಿ ಇದು ಏನು, ಪೂರ್ಣ ವಿವರ ಎಲ್ಲಿದೆ ಅಂತ ಮಾತ್ರ ಹೇಳಿ. ಅಲ್ಲೇ ಎಲ್ಲ ತುರುಕಿದರೆ ಸಾಮಾನ್ಯವಾಗಿ ಒಂದೇ ಉಸಿರಿಗೆ ಓದಿ ಮುಗಿಯುತ್ತೆ, ಸಾಲು ಸಾಲಾಗಿ ಹಿಂದೆ ಹೋಗಿ ಕೇಳೋದು ಕಷ್ಟ. ಉದ್ದ ವಿವರಣೆ ಚಿತ್ರದ ಕೆಳಗೆ ಮಾಮೂಲಿ ಪಠ್ಯವಾಗಿ ಇರಲಿ.

ಅದರಲ್ಲಿ ಮೊದಲು ಟೇಬಲ್‌ನ ಆಕಾರ: 'ನಾಲ್ಕು ಸಾಲು: ಕಾಂಗ್ರೆಸ್, ಬಿಜೆಪಿ, ಜೆಡಿಎಸ್, ಇತರರು. ಪ್ರತಿ ಸಾಲಿನಲ್ಲಿ 2018 ಮತ್ತು 2023ರ ಸ್ಥಾನ.' ಆಮೇಲೆ ಒಂದೊಂದೇ ಸಾಲು, ಒಂದೇ ಕ್ರಮದಲ್ಲಿ: 'ಕಾಂಗ್ರೆಸ್: 2018ರಲ್ಲಿ 80, 2023ರಲ್ಲಿ 135. ಬಿಜೆಪಿ: 2018ರಲ್ಲಿ 104, 2023ರಲ್ಲಿ 66. ಜೆಡಿಎಸ್: 2018ರಲ್ಲಿ 37, 2023ರಲ್ಲಿ 19. ಇತರರು: 2018ರಲ್ಲಿ 3, 2023ರಲ್ಲಿ 4.' ಪ್ರತಿ ಸಲ ಇಸವಿ ಹೇಳೋದು ಪುನರಾವರ್ತನೆ ಅನ್ನಿಸಬಹುದು. ಆದರೆ ಕೇಳುವವರ ಮುಂದೆ ತಲೆಬರಹದ ಸಾಲು ಇರಲ್ಲ. ಮತ ಪ್ರಮಾಣ ಇದ್ದರೆ ಅದನ್ನೂ ಹೀಗೇ ಬರೆಯಬೇಕು.

ಸರಿಯಾಗಿದೆಯಾ ಅಂತ ತಿಳಿಯೋಕೆ, ಚಿತ್ರ ನೋಡದ ಒಬ್ಬರಿಗೆ ವಿವರಣೆ ಕೊಟ್ಟು ಟೇಬಲ್ ಮತ್ತೆ ಬರೆಸಿ. ಎರಡೂ ಇಸವಿಯ ಸ್ಥಾನಗಳ ಮೊತ್ತ 224 ಬರಬೇಕು. 2018ಕ್ಕೆ 222 ಬಂದರೆ, ಚಿತ್ರದ ಅಡಿಯ ಸಣ್ಣ ಅಕ್ಷರದ ಟಿಪ್ಪಣಿ ಬಿಟ್ಟುಹೋಗಿರಬಹುದು: ಜಯನಗರ ಮತ್ತು ರಾಜರಾಜೇಶ್ವರಿ ನಗರದ ಮತದಾನ ಆಮೇಲೆ ನಡೆಯಿತು, ಮೊದಲ ಎಣಿಕೆಯಲ್ಲಿ ಕಾಂಗ್ರೆಸ್‌ಗೆ ಇದ್ದದ್ದು 78. ಆ ಟಿಪ್ಪಣಿಯೂ ಮಾಹಿತಿಯೇ.

ಇದಕ್ಕೊಂದು ಮಿತಿಯಿದೆ. 224 ಕ್ಷೇತ್ರಗಳ ಪಟ್ಟಿಯನ್ನು ಹೀಗೆ ವಾಕ್ಯಗಳಲ್ಲಿ ಕೇಳೋಕೆ ಆಗಲ್ಲ. ಅಲ್ಲಿ ಚಿತ್ರ ಬಿಟ್ಟು, ಪುಟದಲ್ಲೇ ನಿಜವಾದ ಟೇಬಲ್ ಹಾಕಬೇಕು. ಆಗ ಸ್ಕ್ರೀನ್ ರೀಡರ್ ಬಳಸುವವರು ತಮಗೆ ಬೇಕಾದ ಕ್ಷೇತ್ರದ ಸಾಲಿಗೆ ತಾವೇ ಹೋಗಿ ಓದಿಕೊಳ್ಳುತ್ತಾರೆ.